ಬ್ಯಾಗಿನ ಪಟ್ಟಿಗೆ ಐ-ಕಾರ್ಡ್: ಹಿಂದಿನ ಸಂದು, ತಿರುಚು ಎರಡೂ ಕಾಣದ ಹಾಗೆ

ತಂಗಿಯ ಮಗಳ ಫೋನ್ ಬ್ಯಾಗು ರಿಪೇರಿಗೆ ಬಂದಿತ್ತು. ಹತ್ತಿ ನೂಲಿನಲ್ಲಿ ಹೆಣೆದ ಪುಟ್ಟ ಚೀಲ, ಮೈ ಅರಿಶಿನ ಬಣ್ಣ. ಮೈ ಚೆನ್ನಾಗಿಯೇ ಇತ್ತು. ಹಾಳಾಗಿದ್ದು ಹೆಗಲಿಗೆ ಹಾಕುವ ಪಟ್ಟಿ. ಮುಂದಿನಿಂದ ನೋಡಿದರೆ ಐ-ಕಾರ್ಡ್ ಅನ್ನುವ ದುಂಡಗಿನ ಹೆಣಿಗೆ ಹಗ್ಗ, ತಿರುಗಿಸಿದರೆ ಉದ್ದಕ್ಕೂ ಸಂದು. ಆ ಸಂದಿನಲ್ಲಿ ಅಡ್ಡಡ್ಡ ನೂಲುಗಳು ಏಣಿಯ ಮೆಟ್ಟಿಲಿನಂತೆ ಜೋತಾಡುತ್ತಿದ್ದವು. ಕೀ ಗೊಂಚಲು ಅದಕ್ಕೇ ಸಿಕ್ಕಿಕೊಂಡು ಒಂದೆರಡು ಕಡೆ ಎಳೆ ಹೊರಗೆ ಬಂದಿತ್ತು. ಪಟ್ಟಿ ಅರ್ಧ ಸುತ್ತು ತಿರುಚಿಕೊಂಡು ಹೊಲಿದದ್ದರಿಂದ ಹೆಗಲ ಮೇಲೆ ಸಂದಿನ ಕಡೆಯೇ ಹೊರಗೆ ಕಾಣುತ್ತಿತ್ತು. "ದೊಡ್ಡಮ್ಮ, ಬಾಯಿಯ ಅಂಚಿಗೂ ಇದೇ ಥರ ಹಗ್ಗ ಹಾಕಿಕೊಡ್ತೀಯಾ?" ಅಂತ ಅವಳ ಇನ್ನೊಂದು ಬೇಡಿಕೆ. ಹಾಗಾಗಿ ಹಳೇ ಪಟ್ಟಿ ತೆಗೆದು, ಬಾಯಿಗೆ ಐ-ಕಾರ್ಡ್ ಅಂಚು ಕಟ್ಟಿ, ಆ ಅಂಚಿನಿಂದಲೇ ಹೊಸ ಪಟ್ಟಿ ಬೆಳೆಸುವುದು ಅಂತ ತೀರ್ಮಾನಿಸಿದೆ.

ಐ-ಕಾರ್ಡ್ ಹೆಣೆದವರಿಗೆ ಕ್ರಮ ಗೊತ್ತೇ ಇದೆ. ಎರಡೂ ತುದಿ ಚೂಪಾದ ಕಡ್ಡಿಯ ಮೇಲೆ ಮೂರೋ ನಾಲ್ಕೋ ಕುಣಿಕೆ ಹಾಕಿ ಒಂದು ಸಾಲು ನಿಟ್ ಹೆಣೆಯುತ್ತೇವೆ. ಹೆಣಿಗೆಯನ್ನು ತಿರುಗಿಸುವುದಿಲ್ಲ. ಕುಣಿಕೆಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ಎಡಗಡೆ ಉಳಿದ ನೂಲನ್ನು ಹಿಂದಿನಿಂದ ತಂದು ಮತ್ತೆ ಮೊದಲನೇ ಕುಣಿಕೆಯಿಂದ ಹೆಣೆಯುತ್ತೇವೆ. ಹಿಂದಿನಿಂದ ಹಾಯುವ ಆ ನೂಲೇ ಚಪ್ಪಟೆ ಸಾಲನ್ನು ಕೊಳವೆಯಾಗಿ ಮುಚ್ಚುತ್ತದೆ. ಸಂದು ಬರುವುದೂ ಅದರಿಂದಲೇ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದರೆ ಮರದ ರೀಲಿಗೆ ನಾಲ್ಕು ಮೊಳೆ ಹೊಡೆದು ಹೆಣೆಯುವ ಹಗ್ಗವನ್ನು ನೋಡಬೇಕು. ಅದೂ ಇದೇ ಹಗ್ಗ, ಆದರೆ ಅದರಲ್ಲಿ ಸಂದು ಇರುವುದಿಲ್ಲ. ನಾಲ್ಕು ಮೊಳೆಗಳು ವೃತ್ತದಲ್ಲಿ ನಿಂತಿರುವುದರಿಂದ ಯಾವ ಕುಣಿಕೆಯಿಂದ ಪಕ್ಕದ್ದಕ್ಕೆ ಹೋದರೂ ಅಷ್ಟೇ ದೂರ. ಕಡ್ಡಿಯ ಮೇಲೆ ಹಾಗಲ್ಲ. ಕುಣಿಕೆಗಳು ಒಂದೇ ಗೆರೆಯಲ್ಲಿ ಕೂತಿರುತ್ತವೆ, ಕೊನೆಯದಕ್ಕೂ ಮೊದಲನೆಯದಕ್ಕೂ ನಡುವೆ ಇಡೀ ಸಾಲಿನ ಅಗಲ ಇರುತ್ತದೆ. ಆ ದೂರಕ್ಕೆ ಬೇಕಾದ ನೂಲು ಅಲ್ಲೇ ಉಳಿದುಕೊಳ್ಳುತ್ತದೆ. ಮೂರು ಕುಣಿಕೆಯಾದರೆ ಆ ಹೆಚ್ಚುವರಿ ಕಡಿಮೆ, ಹಗ್ಗ ತಾನೇ ಮುಚ್ಚಿಕೊಳ್ಳುತ್ತದೆ. ಐದಾದರೆ ಜಾಸ್ತಿ. ಆರರ ಮೇಲೆ ಹೋದರೆ ಎಷ್ಟು ಎಳೆದರೂ ಹಿಂದೆ ಏಣಿ ಕಾಣುತ್ತದೆ. ಬ್ಯಾಗಿನ ಹಳೇ ಪಟ್ಟಿಯಲ್ಲಿ ಐದು ಕುಣಿಕೆ ಇತ್ತು, ಅದೂ ಹತ್ತಿ ನೂಲು. ಉಲ್ಲನ್‌ಗೆ ಸ್ವಲ್ಪ ಹಿಗ್ಗಿ ಕುಗ್ಗುವ ಗುಣ ಇದೆ. ಹೆಣೆದ ಮೇಲೆ ಹಗ್ಗವನ್ನು ಉದ್ದಕ್ಕೆ ಒಮ್ಮೆ ಜಗ್ಗಿದರೆ ಸಂದಿನ ನೂಲು ಪಕ್ಕದ ಕುಣಿಕೆಗಳಿಗೆ ಹಂಚಿಹೋಗುತ್ತದೆ. ಹತ್ತಿಯಲ್ಲಿ ಅದು ಅಷ್ಟಾಗಿ ಆಗುವುದಿಲ್ಲ. ಎಲ್ಲಿ ಸಡಿಲ ಇದೆಯೋ ಅಲ್ಲೇ ಕೂತಿರುತ್ತದೆ.

ಹಾಗಾಗಿ ಈ ಕೆಲಸಕ್ಕೆ ನನ್ನ ಲೆಕ್ಕ ಹೀಗಿತ್ತು: ಅಂಚಿಗೆ ಮೂರು ಕುಣಿಕೆ, ಅದನ್ನು ಬಿಗಿಯಿಂದ ಮುಚ್ಚುವುದು. ಪಟ್ಟಿಗೆ ನಾಲ್ಕು ಕುಣಿಕೆ, ಅಲ್ಲಿ ಸಂದಿನ ನೂಲನ್ನು ಎಳೆಯದೆ ಅದನ್ನೇ ಐದನೇ ಕಂಬ ಮಾಡಿಬಿಡುವುದು.

ಮೊದಲು ಅಂಚು. ಬ್ಯಾಗಿನ ಬಾಯಿಯ ಮುಗಿಸಿದ ಸಾಲನ್ನು ಬಿಚ್ಚಿ 60 ಕುಣಿಕೆಗಳನ್ನು ಕಡ್ಡಿಗೆ ಹತ್ತಿಸಿಕೊಂಡೆ. ಮೈ ಹೆಣೆದಿದ್ದು 8 ನಂಬರ್ ಕಡ್ಡಿಯಲ್ಲಿ, ಅಂದರೆ 4 ಮಿ.ಮೀ. ಹಗ್ಗಕ್ಕೆ ತೆಗೆದುಕೊಂಡಿದ್ದು 10 ನಂಬರ್, 3.25 ಮಿ.ಮೀ. ನಮ್ಮ ಅಂಗಡಿಗಳಲ್ಲಿ ಸಿಗುವ ಹಳೇ ನಂಬರಿನ ಕಡ್ಡಿಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಸಣ್ಣ, ಕೊಳ್ಳುವಾಗ ಮಿ.ಮೀ. ನೋಡಿಕೊಳ್ಳಿ. ಅಂಚಿನ ಬಣ್ಣ ಕಡುನೀಲಿ. ಬಣ್ಣ ಬೇರೆಯಾದಾಗ ಅಂಚು ಶುರು ಮಾಡುವ ಮೊದಲು ಅದೇ ಬಣ್ಣದಲ್ಲಿ ಒಂದು ಸುತ್ತು ಸುಮ್ನೆ ನಿಟ್ ಹೆಣೆದುಬಿಡಬೇಕು. ಇಲ್ಲದಿದ್ದರೆ ನೀಲಿ ಹಗ್ಗದ ಬುಡದಲ್ಲಿ ಅರಿಶಿನದ ಚುಕ್ಕೆಗಳು ಇಣುಕುತ್ತವೆ.

ಎಡಗಡ್ಡಿಯ ಮೇಲೆ, ಬ್ಯಾಗಿನ ಮೊದಲ ಕುಣಿಕೆಯ ಪಕ್ಕದಲ್ಲೇ ಮೂರು ಹೊಸ ಕುಣಿಕೆ ಏರಿಸಿದೆ. ಎರಡು ನಿಟ್ ಹೆಣೆದು, ಮೂರನೆಯದನ್ನೂ ಬ್ಯಾಗಿನ ಮೊದಲ ಕುಣಿಕೆಯನ್ನೂ ಸೇರಿಸಿ ಒಂದು ಮಾಡುವುದು. ಬಲಗಡ್ಡಿಗೆ ಬಂದ ಮೂರು ಕುಣಿಕೆಗಳನ್ನು ಮತ್ತೆ ಎಡಗಡ್ಡಿಗೆ ಜಾರಿಸುವುದು. ಇದೇ ಕ್ರಮ ಬಾಯಿಯ ಸುತ್ತ.

ಇಲ್ಲಿ ಎರಡು ಕಡೆ ಕೈ ನಿಧಾನ ಮಾಡಬೇಕು. ಒಂದು, ಎರಡು ಕುಣಿಕೆ ಸೇರಿಸುವ ರೀತಿ. ಎರಡನ್ನೂ ಒಂದೊಂದಾಗಿ ನಿಟ್ ಹೆಣೆಯುವ ಹಾಗೆ ಬಲಗಡ್ಡಿಗೆ ಜಾರಿಸಿ, ಎಡಗಡ್ಡಿಯನ್ನು ಅವುಗಳ ಮುಂಭಾಗದಿಂದ ತೂರಿಸಿ ಒಟ್ಟಿಗೆ ಹೆಣೆಯಬೇಕು. ಹೀಗೆ ಮಾಡಿದರೆ ಹಗ್ಗದ ಕುಣಿಕೆ ಮೇಲೆ ಕೂತು ಬ್ಯಾಗಿನ ಕುಣಿಕೆ ಅದರ ಹಿಂದೆ ಅಡಗುತ್ತದೆ, ಎರಡೂ ತಿರುಚುವುದಿಲ್ಲ. ಜಾರಿಸದೆ ನೇರವಾಗಿ ಹಿಂದಿನ ಕಾಲಿನಿಂದ ಎರಡನ್ನೂ ಸೇರಿಸಿ ಹೆಣೆಯುವುದು ವೇಗದ ದಾರಿ. ಆದರೆ ಆಗ ಕುಣಿಕೆಯ ಬುಡ ಅಡ್ಡ ಹಾಯುತ್ತದೆ, ಹೊಳಪಿನ ಹತ್ತಿ ನೂಲಿನಲ್ಲಿ ಅದು ಕಣ್ಣಿಗೆ ಬೀಳುತ್ತದೆ.

ಇನ್ನೊಂದು, ಮೂರು ಕುಣಿಕೆಗಳನ್ನು ವಾಪಸ್ ಜಾರಿಸುವ ರೀತಿ. ಎರಡು ಕಡ್ಡಿಯ ತುದಿಗಳು ಎದುರುಬದುರಾಗಿ ಮುಟ್ಟಬೇಕು, ಪರ್ಲ್ ಹೆಣೆಯುವಾಗ ಕಡ್ಡಿ ತೂರುವ ಹಾಗೆ. ಎಡಗಡ್ಡಿಯನ್ನು ಕುಣಿಕೆಯ ಹಿಂದಿನಿಂದ ತೂರಿಸಿ ಎತ್ತಿಕೊಂಡರೆ ಕುಣಿಕೆ ಕಡ್ಡಿಯ ಮೇಲೆ ತಿರುಗಿ ಕೂರುತ್ತದೆ. ಮುಂದಿನ ಸಾಲಿನಲ್ಲಿ ಅದನ್ನು ಮಾಮೂಲಿನಂತೆ ಹೆಣೆದರೆ ಅದರ ಎರಡು ಕಾಲು ಕತ್ತರಿಯಾಗುತ್ತವೆ. ಪತ್ತೆ ಮಾಡುವುದು ಸುಲಭ. ಕಡ್ಡಿಯ ಮೇಲಿರುವ ಕುಣಿಕೆಯ ಬಲಗಾಲು ಕಡ್ಡಿಯ ಮುಂದೆ ಇದ್ದರೆ ಸರಿ, ಹಿಂದೆ ಹೋಗಿದ್ದರೆ ತಿರುಗಿದೆ. ಹೆಣೆದು ಮುಗಿದ ಭಾಗದಲ್ಲಾದರೆ ವಿ ಆಕಾರದ ಬುಡ ನೋಡಿ. ಬುಡ ತೆರೆದಿದ್ದರೆ ಸರಿ, ಎರಡು ಎಳೆ ಒಂದರ ಮೇಲೊಂದು ಹಾಯ್ದಿದ್ದರೆ ತಿರುಚಿದೆ. ಮೂರೇ ಕಂಬದ ಹಗ್ಗದಲ್ಲಿ ಒಂದು ಕಂಬ ಹೀಗಾದರೂ ಇಡೀ ಅಂಚು ಒಂದು ಪಕ್ಕಕ್ಕೆ ಹೊರಳುತ್ತದೆ.

ಬಿಗಿ ಎಲ್ಲಿ ಕೊಡಬೇಕು ಅನ್ನುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲನೇ ಕುಣಿಕೆ ಹೆಣೆಯುವಾಗ ನೂಲನ್ನು ಜೋರಾಗಿ ಎಳೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಎಳೆದಾಗ ಬಿಗಿಯಾಗುವುದು ನಿಜ. ಆದರೆ ಎರಡನೇ ಕುಣಿಕೆಗೆ ಕಡ್ಡಿ ತೂರಿಸುವಾಗ ಮೊದಲನೆಯದು ಕಡ್ಡಿಯ ಮೇಲೆ ಸಡಿಲಾಗಿ, ಎಳೆದ ಬಿಗಿಯಲ್ಲಿ ಅರ್ಧ ವಾಪಸ್ ಹೋಗುತ್ತದೆ. ಮೊದಲನೆಯದನ್ನು ಮಾಮೂಲಾಗಿ ಹೆಣೆಯಿರಿ. ಎರಡನೆಯದಕ್ಕೆ ಕಡ್ಡಿ ತೂರಿಸಿ, ನೂಲು ಸುತ್ತುವ ಮುಂಚೆ ಒಮ್ಮೆ ಎಳೆಯಿರಿ. ಆಗ ಮೊದಲನೇ ಕುಣಿಕೆ ಎರಡು ಕಡ್ಡಿಗಳ ನಡುವೆ ಸಿಕ್ಕಿಕೊಂಡು ಹಿಗ್ಗದೆ ನಿಲ್ಲುತ್ತದೆ, ಹಿಂದಿನ ನೂಲಿನ ಸಡಿಲು ಪೂರ್ತಿ ಹೊರಗೆ ಬರುತ್ತದೆ. ಎಳೆತ ಪ್ರತಿ ಸಾಲಿನಲ್ಲೂ ಒಂದೇ ಸಮ ಇರಲಿ. ಒಂದು ಸಾಲು ಬಿಗಿ, ಒಂದು ಸಾಲು ಸಡಿಲ ಆದರೆ ಸಂದಿಗಿಂತ ಕೆಟ್ಟದಾಗಿ ಕಾಣುತ್ತದೆ. ನಾಲ್ಕೈದು ಸಾಲಿಗೊಮ್ಮೆ ಹೆಣೆದ ಹಗ್ಗವನ್ನು ಕೆಳಕ್ಕೆ ಜಗ್ಗಿ, ಬ್ಯಾಗಿನ ಒಳಗಡೆಯಿಂದ ನೋಡಿ. ಒಳಗಡೆ ಹಗ್ಗದ ಮೊದಲ ಕಂಬ ಬಟ್ಟೆಯನ್ನು ಮುಟ್ಟಿಕೊಂಡು ಕೂತಿರಬೇಕು. ನಡುವೆ ಬೆಳಕು ಕಂಡರೆ ಬಿಗಿ ಸಾಲದು.

ಅಂಚು ಸುಕ್ಕುಗಟ್ಟುವ ವಿಷಯವೂ ಇದೆ. ಕುಣಿಕೆಯ ಅಗಲ ಯಾವಾಗಲೂ ಸಾಲಿನ ಎತ್ತರಕ್ಕಿಂತ ಜಾಸ್ತಿ. ಬ್ಯಾಗಿನ ಒಂದು ಕುಣಿಕೆಗೆ ಹಗ್ಗದ ಒಂದು ಸಾಲು ಅಂತ ಹೆಣೆದರೆ ಹಗ್ಗ ಮೋಟಾಗಿ ಬಾಯನ್ನು ಒಳಕ್ಕೆ ಎಳೆಯುತ್ತದೆ. ಇದಕ್ಕೆ ದಪ್ಪ ಕಡ್ಡಿ ತೆಗೆದುಕೊಳ್ಳಿ ಅನ್ನುವ ಸಲಹೆ ಸಾಮಾನ್ಯ. ಹತ್ತಿಯಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಕಡ್ಡಿ ದಪ್ಪವಾದ ಕೂಡಲೇ ಒಳಗಿನ ಸಂದು ಬಾಯಿ ಬಿಡುತ್ತದೆ. ಅದರ ಬದಲು ಸಣ್ಣ ಕಡ್ಡಿಯಲ್ಲೇ ಇದ್ದು, ನಾಲ್ಕು ಕುಣಿಕೆ ಜೋಡಿಸಿದ ಮೇಲೆ ಒಂದು ಬಿಡಿ ಸಾಲು ಹೆಣೆಯಿರಿ. ಅಂದರೆ ಮೂರೂ ಕುಣಿಕೆ ನಿಟ್ ಹೆಣೆದು, ಬ್ಯಾಗಿಗೆ ಜೋಡಿಸದೆ ವಾಪಸ್ ಜಾರಿಸುವುದು. ಬ್ಯಾಗಿನ ಬಾಯಿ ಸ್ವಲ್ಪ ಬಿಗಿಯಾಗಿದ್ದರೆ ಫೋನು ಜಾರದು, ಹಾಗಾಗಿ ನಾಲ್ಕಕ್ಕೊಂದು ಸಾಕಾಯಿತು. ಶಾಲಿನ ಅಂಚಿಗಾದರೆ ಎರಡು ಮೂರಕ್ಕೊಂದು ಬೇಕಾಗಬಹುದು, ತುಂಡಿನಲ್ಲಿ ಪರೀಕ್ಷಿಸಿ ನೋಡಿ.

ಸುತ್ತು ಮುಗಿದಾಗ ಕಡ್ಡಿಯ ಮೇಲೆ ಹಗ್ಗದ ಮೂರು ಕುಣಿಕೆ ಮಾತ್ರ ಉಳಿದವು. ಇಲ್ಲಿ ಮುಗಿಸಲಿಲ್ಲ. ಅಂಚು ಶುರುವಾದ ಜಾಗದಲ್ಲಿ ಏರಿಸಿದ್ದ ಕುಣಿಕೆಗಳ ಬುಡದಿಂದ ಒಂದು ಎಳೆ ಎತ್ತಿಕೊಂಡು ನಾಲ್ಕನೇ ಕುಣಿಕೆ ಮಾಡಿದೆ. ಇದರಿಂದ ಎರಡು ಕೆಲಸ ಆಯಿತು. ಅಂಚಿನ ಮೊದಲೂ ಕೊನೆಯೂ ಕೂಡಿಕೊಂಡವು, ಪಟ್ಟಿಗೆ ಬೇಕಾದ ನಾಲ್ಕೂ ಸಿಕ್ಕಿತು.

ಇನ್ನು ಪಟ್ಟಿ. ನಾಲ್ಕು ಕುಣಿಕೆಯ ಹಿಂದೆ ಎಳೆಯದೆ ಬಿಟ್ಟು ಹಾಯಿಸಿದ ನೂಲು ಹೆಚ್ಚುಕಮ್ಮಿ ಒಂದು ಕುಣಿಕೆಗೆ ಸಾಕಾಗುವಷ್ಟಿರುತ್ತದೆ. ಅಂದ ಮೇಲೆ ಅದನ್ನು ಬಚ್ಚಿಡುವ ಗೋಜೇಕೆ? ಅದನ್ನೇ ಕುಣಿಕೆ ಮಾಡಿದರೆ ಸಂದೇ ಇರುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಹೆಣೆಯುವಾಗ ಎಳೆತ ಬೇಡ, ನೂಲು ತಾನಾಗಿ ಹೇಗೆ ಹಾಯುತ್ತದೋ ಹಾಗೆ ಬಿಡಿ. ಅಡ್ಡ ನೂಲುಗಳೆಲ್ಲ ಒಂದೇ ಅಳತೆ ಇರಲಿ, ಅಷ್ಟೇ. ಮೂರು ಕುಣಿಕೆಯ ಹಗ್ಗಕ್ಕೆ ಈ ಉಪಾಯ ಬೇಡ. ಅಲ್ಲಿ ಅಡ್ಡ ನೂಲು ಮೋಟು, ಕಂಬ ಮಾಡಿದರೆ ತೀರಾ ಬಿಗಿಯಾಗಿ ಹಗ್ಗ ಆ ಕಡೆಗೆ ಬಾಗುತ್ತದೆ.

ಒಂದು ಗೇಣು ಹೆಣೆದ ಮೇಲೆ ಹಗ್ಗವನ್ನು ತಿರುಗಿಸಿ, ಏಣಿ ನಿಮ್ಮ ಕಡೆ ಬರುವಂತೆ ಹಿಡಿಯಿರಿ. ಉದ್ದಕ್ಕೆ ಮೆಲ್ಲಗೆ ಜಗ್ಗಿದರೆ ಮೆಟ್ಟಿಲುಗಳು ಒಂದೊಂದಾಗಿ ಬೇರೆ ಬೇರೆ ಕಾಣುತ್ತವೆ. 2.5 ಮಿ.ಮೀ. ಕ್ರೋಷಾ ಕಡ್ಡಿಯನ್ನು ಹೊರಗಿನಿಂದ ಬುಡದ ಒಂದು ಎಳೆಯ ಕೆಳಗೆ ತೂರಿಸಿ, ಅದರ ಮೇಲಿನ ಮೊದಲ ಅಡ್ಡ ನೂಲನ್ನು ಕೊಕ್ಕೆಗೆ ಸಿಕ್ಕಿಸಿ, ಈ ಎಳೆಯ ಮೂಲಕ ಹೊರಗೆ ತನ್ನಿ. ಕೊಕ್ಕೆಯ ಮೇಲೆ ಒಂದು ಕುಣಿಕೆ ನಿಂತಿತು. ಕುಣಿಕೆ ಮುಂದೆ, ಮುಂದಿನ ಅಡ್ಡ ನೂಲು ಅದರ ಹಿಂದೆ ಇರಬೇಕು. ಆ ನೂಲನ್ನು ಹಿಡಿದು ಕುಣಿಕೆಯ ಮೂಲಕ ಎಳೆಯಿರಿ. ಹೀಗೇ ಮೇಲಕ್ಕೆ ಹತ್ತಿ. ಜಾರಿಹೋದ ಕುಣಿಕೆಯನ್ನು ಮೇಲೆತ್ತುವ ಕೆಲಸವೇ ಇದು. ಒಂದೊಂದು ಎಳೆದಾಗಲೂ ಎರಡು ಪಕ್ಕದ ಕಂಬಗಳು ಹತ್ತಿರ ಬಂದು, ನಡುವೆ ಒಂದು ವಿ ಮೂಡುತ್ತದೆ. ಬೆರಳಿಗೆ ಹಗ್ಗ ಗುಂಡಗಾಗುವುದು ಗೊತ್ತಾಗುತ್ತದೆ.

ಕಡ್ಡಿಯ ಹತ್ತಿರದ ಕೊನೆಯ ಮೂರ್ನಾಲ್ಕು ಮೆಟ್ಟಿಲು ಬಿಟ್ಟು ನಿಲ್ಲಿಸಿ, ಆ ಕುಣಿಕೆಗೆ ಸೇಫ್ಟಿ ಪಿನ್ ಹಾಕಿ, ಮತ್ತೆ ಹೆಣೆಯಲು ಹೋಗಿ. ಇಡೀ ಪಟ್ಟಿ ಹೆಣೆದ ಮೇಲೆ ಒಟ್ಟಿಗೆ ಎತ್ತಬಹುದಲ್ವಾ ಅಂದರೆ, ಎತ್ತಬಹುದು. ಆದರೆ ಅಷ್ಟರಲ್ಲಿ ಹಗ್ಗವನ್ನು ಕೈಯಲ್ಲಿ ಆಡಿಸಿ ಆಡಿಸಿ ಕೆಳಗಿನ ಮೆಟ್ಟಿಲುಗಳ ನೂಲು ಪಕ್ಕದ ಕುಣಿಕೆಗಳಿಗೆ ಸರಿದುಹೋಗಿ, ಒಂದು ಉದ್ದ ಒಂದು ಗಿಡ್ಡ ಆಗಿರುತ್ತವೆ. ಗೇಣಿಗೊಮ್ಮೆ ಎತ್ತಿದರೆ ಸಮವಾಗಿರುತ್ತದೆ.

ಒಂದು ಮೆಟ್ಟಿಲು ಬಿಟ್ಟುಹೋದರೆ ಹೊರಗಿನಿಂದಲೇ ಗೊತ್ತಾಗುತ್ತದೆ. ಆ ಜಾಗದ ವಿ ಪಕ್ಕದ ಕಂಬದ ವಿಗಿಂತ ಎತ್ತರ ಇರುತ್ತದೆ, ಅದರ ಹಿಂದೆ ಒಂದು ಸಡಿಲ ನೂಲು ಉಳಿದಿರುತ್ತದೆ. ಅಲ್ಲಿಯವರೆಗೆ ಬಿಚ್ಚಿ ಮತ್ತೆ ಎತ್ತಿದರಾಯಿತು, ಒಂದು ಕಂಬವಷ್ಟೇ ಬಿಚ್ಚುವುದು. ಹತ್ತಿ ನೂಲಿನ ಇನ್ನೊಂದು ತಂಟೆ ಎಳೆ ಸೀಳುವುದು. ಕೊಕ್ಕೆಗೆ ಅರ್ಧ ಎಳೆ ಮಾತ್ರ ಸಿಕ್ಕಿದರೆ ಅಲ್ಲಿ ಒಂದು ಜುಂಗು ಏಳುತ್ತದೆ. ಕೊಕ್ಕೆ ತೀರಾ ಚೂಪಾಗಿದ್ದರೆ ಹೀಗಾಗುವುದು ಜಾಸ್ತಿ, ಮೊಂಡು ತುದಿಯದೇ ಒಳ್ಳೆಯದು.

ನನ್ನ ಕೈಯಲ್ಲಿ 10 ಸೆಂ.ಮೀ.ಗೆ 28 ಸಾಲು ಬರುತ್ತಿತ್ತು. ಅವಳಿಗೆ ಬೇಕಾದ ಪಟ್ಟಿ 110 ಸೆಂ.ಮೀ., ಅಂದರೆ 300 ಸಾಲಿನ ಮೇಲೆ ಸ್ವಲ್ಪ. ಆದರೆ ಹೆಣೆದ ಹಗ್ಗ ತೂಕಕ್ಕೆ ಹಿಗ್ಗುತ್ತದೆ, ಹತ್ತಿಯದು ಹಿಗ್ಗಿದರೆ ತಾನಾಗಿ ವಾಪಸ್ ಬರುವುದು ಕಡಿಮೆ. ಅದಕ್ಕೇ ಉದ್ದವನ್ನು ಸಾಲು ಎಣಿಸಿ ತೀರ್ಮಾನಿಸಬಾರದು. 100 ಸೆಂ.ಮೀ. ಆದಾಗ ನಿಲ್ಲಿಸಿ, ಐದೂ ಕುಣಿಕೆಗಳನ್ನು, ಅಂದರೆ ನಾಲ್ಕು ಮತ್ತು ಎತ್ತಿದ ಕಂಬದ ಒಂದನ್ನು, ಸೇಫ್ಟಿ ಪಿನ್ನಿಗೆ ವರ್ಗಾಯಿಸಿದೆ. ಪಟ್ಟಿ ನೆನೆಸಿ ಹಿಂಡಿ, ಪಿನ್ನಿನ ಕಡೆಯ ತುದಿಯನ್ನು ಬಟ್ಟೆ ಕ್ಲಿಪ್ಪಿನಿಂದ ತಂತಿಗೆ ಕಚ್ಚಿಸಿ, ಬ್ಯಾಗಿನೊಳಗೆ ಫೋನಿನಷ್ಟು ತೂಕ ಇಟ್ಟು ರಾತ್ರಿ ತೂಗುಹಾಕಿದೆ.

ತಿರುಚು ಬಿಡಿಸುವುದೂ ಈ ತೂಗುಹಾಕುವುದರಲ್ಲೇ ಇದೆ. ಐ-ಕಾರ್ಡ್ ಸ್ವಭಾವತಃ ಸ್ವಲ್ಪ ಸುತ್ತಿಕೊಳ್ಳುತ್ತದೆ. ಸಾಲುಗಳು ಒಂದರ ಮೇಲೊಂದು ಕೂರದೆ ಸುರುಳಿಯಾಗಿ ಏರುತ್ತವೆ. ನಾಲ್ಕೇ ಕುಣಿಕೆಯಲ್ಲಿ ಒಂದು ಸಾಲು ಮೇಲೇರುವುದರಿಂದ ಆ ಓರೆ ಕಡಿದಾಗಿರುತ್ತದೆ, ಕಂಬಗಳೂ ಅದರ ಜೊತೆ ವಾಲುತ್ತವೆ. ಅದರ ಮೇಲೆ ನೂಲಿನದೇ ಹುರಿ ಬೇರೆ. ಉಂಡೆಯ ನಡುವಿನಿಂದ ನೂಲು ಎಳೆದರೆ ಸುತ್ತಿಗೊಂದರಂತೆ ಹುರಿ ಕೂಡುತ್ತಲೋ ಕಳೆಯುತ್ತಲೋ ಹೋಗುತ್ತದೆ. ಉಂಡೆ ಮತ್ತು ಹೆಣಿಗೆಯ ನಡುವೆ ನೂಲು ತಾನೇ ಗಂಟುಗಂಟಾಗಿ ಸುತ್ತಿಕೊಳ್ಳುತ್ತಿದ್ದರೆ ಅದೇ ಸೂಚನೆ. ಉಂಡೆಗೆ ಒಂದು ಕ್ಲಿಪ್ ಹಾಕಿ ಗಾಳಿಯಲ್ಲಿ ತೂಗಬಿಟ್ಟರೆ ಅದು ತಿರುಗಿ ತಿರುಗಿ ಹುರಿ ಇಳಿಯುತ್ತದೆ. ಉಂಡೆಯನ್ನು ಒಂದು ಬುಟ್ಟಿಯಲ್ಲಿಟ್ಟು ಹೊರಗಿನ ಎಳೆಯಿಂದ ಉರುಳುತ್ತಾ ಬಿಚ್ಚಿಕೊಳ್ಳುವಂತೆ ಮಾಡಿದರೆ ಈ ತೊಂದರೆ ಬಹುಮಟ್ಟಿಗೆ ಬರುವುದೇ ಇಲ್ಲ.

ಒದ್ದೆ ಪಟ್ಟಿಯನ್ನು ತೂಗುಹಾಕಿದಾಗ ಬ್ಯಾಗು ಒಂದಷ್ಟು ಸುತ್ತು ತಿರುಗಿ ನಿಂತಿತು. ಆಮೇಲೆ ಎತ್ತಿದ ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ಕಣ್ಣಲ್ಲಿ ಹಿಂಬಾಲಿಸಿ, ಎಲ್ಲಿ ಪಕ್ಕಕ್ಕೆ ಸರಿದಿದೆಯೋ ಅಲ್ಲಿ ಬೆರಳಿನಿಂದ ಹೊರಳಿಸಿ ನೇರ ಮಾಡಿದೆ. ಗುರುತಿಗೆ ಆ ಕಂಬದ ಪಕ್ಕ ಒಂದು ಬಿಳಿ ದಾರ ಓಡಿಸಿಕೊಂಡಿದ್ದೆ, ನೀಲಿಯಲ್ಲಿ ಕಂಬ ಹುಡುಕುವುದು ಕಷ್ಟ. ಹತ್ತಿ ಹೇಗೆ ಒಣಗುತ್ತದೋ ಹಾಗೆ ನಿಲ್ಲುತ್ತದೆ. ಅಕ್ರಿಲಿಕ್ ಹೀಗೆ ನಿಲ್ಲುವುದಿಲ್ಲ, ಅದರಲ್ಲಿ ಹುರಿಯನ್ನು ಹೆಣೆಯುವಾಗಲೇ ಇಳಿಸಿಕೊಂಡಿರಬೇಕು.

ಒಣಗಿದ ಮೇಲೆ ಅಳೆದರೆ 107 ಸೆಂ.ಮೀ. ಇನ್ನೆಂಟು ಸಾಲು ಸೇರಿಸಿ ಜೋಡಿಸಲು ಕೂತೆ. ಬಿಳಿ ದಾರದ ಗುರುತು ಎರಡೂ ತುದಿಯಲ್ಲಿ ಹಾಕಿಕೊಳ್ಳುವವರ ಮೈ ಕಡೆಗೇ ಇರಬೇಕು. ಒಂದು ತುದಿ ಬ್ಯಾಗಿನಿಂದಲೇ ಹುಟ್ಟಿದೆ, ಹಾಗಾಗಿ ಅದು ಹೇಗಿದೆಯೋ ಇನ್ನೊಂದನ್ನೂ ಹಾಗೇ ಹಿಡಿದು, ಗುರುತು ನಡುವೆ ಎಲ್ಲೂ ಹೊರಗೆ ಹೊರಳಿಲ್ಲ ಅಂತ ನೋಡಿಕೊಂಡು ಪಿನ್ ಹಾಕಿದೆ. ಹಳೇ ಪಟ್ಟಿಯಲ್ಲಿ ಬಿಟ್ಟುಹೋಗಿದ್ದು ಈ ನೋಟವೇ. ಆಮೇಲೆ ಐದು ಕುಣಿಕೆಗಳನ್ನೂ ಒಂದೊಂದಾಗಿ ಮೊಂಡು ಸೂಜಿಯಲ್ಲಿ ಅಂಚಿನ ಹಗ್ಗದ ಒಳಬದಿಗೆ ಹೊಲಿದು, ಹೊಲಿದ ನೂಲನ್ನೇ ಬ್ಯಾಗಿನ ಒಳಮೈಯಲ್ಲಿ 3 ಸೆಂ.ಮೀ. ಕೆಳಕ್ಕೆ ಇಳಿಸಿ ಗಟ್ಟಿ ಮಾಡಿದೆ. ಭಾರ ಬೀಳುವುದು ಆ ಜಾಗದ ಮೇಲೆ. ಬರೀ ಅಂಚಿಗೆ ಹೊಲಿದರೆ ಅಂಚು ಮೂಗಿನಂತೆ ಮೇಲಕ್ಕೆ ಎದ್ದುಬರುತ್ತದೆ.

ಭಾರದ ಬ್ಯಾಗಾದರೆ ಹಗ್ಗದೊಳಗೆ ಒಂದು ತೆಳು ಹತ್ತಿ ಲಾಡಿ ಸೇರಿಸುವುದು ಒಳ್ಳೆಯದು. ಹೆಣೆದಾದ ಮೇಲೆ ಒಂದು ಮೀಟರ್ ತೂರಿಸುವುದು ಆಗದ ಕೆಲಸ. ಹೆಣೆಯುವಾಗಲೇ ಕುಣಿಕೆಗಳ ಹಿಂದೆ ಲಾಡಿ ಹಿಡಿದು, ಅಡ್ಡ ನೂಲು ಅದರ ಆಚೆಯಿಂದ ಹಾಯುವಂತೆ ಮಾಡಿದರೆ ಅದು ತಾನೇ ಒಳಗೆ ಸೇರುತ್ತದೆ. ಆದರೆ ಲಾಡಿ ಹಗ್ಗವನ್ನು ಉಬ್ಬಿಸಿ ಸಂದನ್ನು ಅಗಲ ಮಾಡುತ್ತದೆ. ಆಗ ಏಣಿಯನ್ನು ಎತ್ತುವುದು ಕಡ್ಡಾಯ, ಲಾಡಿಯ ಬಣ್ಣವೂ ನೂಲಿಗೆ ಹೊಂದಬೇಕು.

ಬಿಚ್ಚಿದ ಹಳೇ ಪಟ್ಟಿಯನ್ನೂ ಎಸೆಯಲಿಲ್ಲ. ಎಳೆ ಹೊರಗೆ ಬಂದಿದ್ದ ಕಡೆ ಸೂಜಿಯಿಂದ ಪಕ್ಕದ ಕುಣಿಕೆಗಳಿಗೆ ಹಂಚಿ, ಒಂದು ತುದಿಯ ಮುಗಿಸಿದ ಸಾಲು ಬಿಚ್ಚಿ, ಇನ್ನೊಂದು ತುದಿಯಿಂದ ಕೊಕ್ಕೆಯಲ್ಲಿ ಏಣಿ ಎತ್ತಿಕೊಂಡು ಬಂದೆ. ಹೆಣೆದು ಮುಗಿದ ಹಗ್ಗಕ್ಕೂ ಈ ರಿಪೇರಿ ನಡೆಯುತ್ತದೆ. ಅದರ ಐದು ಕಂಬ ಆರಾಗಿ, ಸಂದು ಮುಚ್ಚಿತು. ಮೇಲಿನ ಆರನೇ ಕುಣಿಕೆಯನ್ನು ಪಕ್ಕದ್ದರ ಜೊತೆ ಸೇರಿಸಿ ಹೆಣೆದು ಮುಗಿಸಿದೆ. ಈಗ ಅದು ಇನ್ನೊಂದು ಚೀಲದ ಬಾಯಿಗೆ ಎಳೆದು ಕಟ್ಟುವ ಲಾಡಿ.

ಇದಕ್ಕಿಂತ ಅಗಲದ ಪಟ್ಟಿ ಬೇಕು ಅನ್ನುವವರು ಐ-ಕಾರ್ಡನ್ನೇ ಅಗಲ ಮಾಡಲು ಹೋಗಬೇಡಿ. ಸಮಸಂಖ್ಯೆಯ ಕುಣಿಕೆ, ಅಂದರೆ 10 ಅಥವಾ 12 ಹಾಕಿ. ಒಂದನ್ನು ನಿಟ್ ಹೆಣೆದು, ನೂಲು ಮುಂದೆ ತಂದು ಇನ್ನೊಂದನ್ನು ಹೆಣೆಯದೆ ಜಾರಿಸಿ, ನೂಲು ಹಿಂದಕ್ಕೆ. ಸಾಲಿನ ಕೊನೆಯವರೆಗೆ ಹೀಗೇ. ಆಮೇಲೆ ಹೆಣಿಗೆ ತಿರುಗಿಸಿ ಅದನ್ನೇ ಮಾಡಿ. ಎರಡು ಸಾಲಿಗೆ ಕೊಳವೆಯ ಒಂದು ಸುತ್ತು ಆಗುತ್ತದೆ. ಇಲ್ಲಿ ನೂಲು ಸಾಲಿನ ಅಗಲವನ್ನು ಒಮ್ಮೆಗೇ ದಾಟುವುದೇ ಇಲ್ಲವಾದ್ದರಿಂದ ಏಣಿ ಹುಟ್ಟುವುದಿಲ್ಲ. ಸಮಯ ದುಪ್ಪಟ್ಟು ಹಿಡಿಯುತ್ತದೆ, ಪಟ್ಟಿ ಚಪ್ಪಟೆಯಾಗಿ ಹೆಗಲ ಮೇಲೆ ಕೂರುತ್ತದೆ.